ಟನ್ ಕಬ್ಬಿಣಕ್ಕೆ ಎಷ್ಟು ಬೈಂಡಿಂಗ್ ವೈರ್? ಅಂದಾಜುಪಟ್ಟಿಯಲ್ಲಿ ಬಿಟ್ಟುಹೋಗುವ ಒಂದು ಲೆಕ್ಕದ ಪರಿಶೀಲನೆ

ಆರ್‌ಸಿಸಿ ಕೆಲಸದ ಅಂದಾಜು ಹಾಕುವಾಗ ಬೈಂಡಿಂಗ್ ವೈರಿಗೆ ಒಂದು ಸಿದ್ಧ ಅಂಕಿ ಇದೆ: ಒಂದು ಟನ್ ಕಬ್ಬಿಣಕ್ಕೆ 8ರಿಂದ 10 ಕೆಜಿ. ಎಂಜಿನಿಯರುಗಳೂ ಮೇಸ್ತ್ರಿಗಳೂ ಬಾಯಲ್ಲೇ ಹೇಳುವ ಅಂಕಿ ಇದು. ಹಲವು ಅಂದಾಜುಪಟ್ಟಿಗಳಲ್ಲಿ ಇದೂ ಇರುವುದಿಲ್ಲ, ವೈರಿನ ಸಾಲೇ ಇರುವುದಿಲ್ಲ. ಈ ಅಂಕಿ ಯಾವ ಸಂದರ್ಭದಲ್ಲಿ ಸರಿ, ಯಾವಾಗ ಅರ್ಧಕ್ಕರ್ಧ ತಪ್ಪುತ್ತದೆ, ಇಷ್ಟು ಬೇಕಾದ ವಸ್ತು ಪಟ್ಟಿಯಿಂದ ಹೇಗೆ ಜಾರಿಹೋಗುತ್ತದೆ ಎಂಬುದನ್ನು ಇಲ್ಲಿ ನೋಡೋಣ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ವೈರ್ ಖರ್ಚಾಗುವುದು ಕಬ್ಬಿಣದ ತೂಕಕ್ಕೆ ತಕ್ಕಂತೆ ಅಲ್ಲ, ಸರಳುಗಳು ಒಂದನ್ನೊಂದು ದಾಟುವ ಜಾಗಗಳ ಸಂಖ್ಯೆಗೆ ತಕ್ಕಂತೆ. ಈ ಎರಡಕ್ಕೂ ಇರುವ ಸಂಬಂಧ ಬಹಳ ಸಡಿಲ.

ನಮ್ಮಲ್ಲಿ ಬಳಕೆಯಲ್ಲಿರುವುದು ಹದಗೊಳಿಸಿ ಮೆತ್ತಗೆ ಮಾಡಿದ ಉಕ್ಕಿನ ತಂತಿ. ಹೆಚ್ಚಾಗಿ 18 ಗೇಜ್ ಅಥವಾ 20 ಗೇಜ್. 18 ಗೇಜಿನ ತಂತಿ ಸುಮಾರು 1.22 ಮಿ.ಮೀ. ದಪ್ಪ, 20 ಗೇಜಿನದು ಸುಮಾರು 0.914 ಮಿ.ಮೀ. ಸರಳಿನ ತೂಕಕ್ಕೆ ಎಲ್ಲರೂ ಬಳಸುವ ಸೂತ್ರ, ಅಂದರೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸುವುದು, ತಂತಿಗೂ ಅನ್ವಯಿಸುತ್ತದೆ. ಅದರಂತೆ 18 ಗೇಜ್ ತಂತಿ ಮೀಟರಿಗೆ 9.2 ಗ್ರಾಂ, 20 ಗೇಜ್ ತಂತಿ 5.2 ಗ್ರಾಂ ತೂಗುತ್ತದೆ. ಗೇಜ್ ಬದಲಾಯಿಸಿದ ಮಾತ್ರಕ್ಕೆ ತೂಕ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಆದರೂ ‘ಟನ್ನಿಗೆ 10 ಕೆಜಿ’ ಎನ್ನುವಾಗ ಯಾರೂ ಗೇಜ್ ಹೇಳುವುದಿಲ್ಲ.

ಕಟ್ಟುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಾರ್ ಬೆಂಡರ್ ತಂತಿಯನ್ನು ತುಂಡು ಮಾಡಿಕೊಂಡು, ತುಂಡನ್ನು ಮಧ್ಯಕ್ಕೆ ಮಡಚಿ ಜೋಡಿ ಎಳೆ ಮಾಡಿಕೊಳ್ಳುತ್ತಾನೆ. ಅದನ್ನು ಎರಡು ಸರಳು ಕೂಡುವಲ್ಲಿ ಓರೆಯಾಗಿ ಕೆಳಗಿನಿಂದ ತೂರಿಸಿ, ಮಡಚಿದ ಕಡೆಯ ಕುಣಿಕೆಗೆ ಹುಕ್ ಸಿಕ್ಕಿಸಿ, ಎರಡು ಮೂರು ಸುತ್ತು ತಿರುವಿ ಬಿಗಿಯುತ್ತಾನೆ. 8 ಮಿ.ಮೀ. ಸರಳು 8 ಮಿ.ಮೀ. ಸರಳನ್ನು ದಾಟುವಲ್ಲಿ ಸುಮಾರು ಒಂದು ಅಡಿಯ ತುಂಡು ಸಾಕು. 16 ಮಿ.ಮೀ. ಜೋಡಿಗೆ ಸುಮಾರು 40 ಸೆಂ.ಮೀ. ಬೇಕು. ತುಂಡಿನ ಉದ್ದವನ್ನು ಅಳತೆಪಟ್ಟಿ ಹಿಡಿದು ಯಾರೂ ಗೊತ್ತುಮಾಡುವುದಿಲ್ಲ. ಅಂಗಡಿಯಿಂದ ಬಂದ ಸುರುಳಿಯನ್ನು ಬಿಚ್ಚದೆ ಎರಡು ಮೂರು ಕಡೆ ಕತ್ತರಿಸಿದರೆ ಒಂದೇ ಅಳತೆಯ ತುಂಡುಗಳ ಕಂತೆ ಸಿಗುತ್ತದೆ. ಹಾಗಾಗಿ ತುಂಡಿನ ಉದ್ದ ಸುರುಳಿಯ ಸುತ್ತಳತೆಯನ್ನೂ ಎಷ್ಟು ಕಡೆ ಕತ್ತರಿಸಿದರು ಎಂಬುದನ್ನೂ ಅವಲಂಬಿಸಿರುತ್ತದೆ. 30 ಸೆಂ.ಮೀ. ಸಾಕಾಗುವಲ್ಲಿ 40 ಸೆಂ.ಮೀ. ತುಂಡು ಬಳಸಿದರೆ ವೈರ್ ಮೂರನೆಯ ಒಂದು ಪಾಲು ಹೆಚ್ಚು ಹೋಗುತ್ತದೆ. ಕಟ್ಟು ಮಾತ್ರ ಅದರಿಂದ ಹೆಚ್ಚು ಗಟ್ಟಿಯಾಗುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಎರಡೂ ದಿಕ್ಕಿನಲ್ಲಿ ಒಂದೇ ವ್ಯಾಸದ ಸರಳುಗಳನ್ನು ಒಂದೇ ಅಂತರದಲ್ಲಿ ಹಾಸಿದ ಜಾಲರಿಯನ್ನು ತೆಗೆದುಕೊಂಡರೆ, ಒಂದು ಟನ್ ಕಬ್ಬಿಣಕ್ಕೆ ಬೇಕಾದ ವೈರನ್ನು ಕೆಜಿಯಲ್ಲಿ ಹೀಗೆ ಬರೆಯಬಹುದು:

Q = (k × l × g) / (2 × w × s)

ಇಲ್ಲಿ k ಎಂದರೆ ಒಟ್ಟು ಕೂಡುಗಳಲ್ಲಿ ಕಟ್ಟುವ ಪಾಲು. ಎಲ್ಲವನ್ನೂ ಕಟ್ಟಿದರೆ 1, ಒಂದು ಬಿಟ್ಟು ಒಂದು ಕಟ್ಟಿದರೆ 0.5. l ಎಂಬುದು ತುಂಡಿನ ಉದ್ದ, ಮೀಟರಿನಲ್ಲಿ. g ತಂತಿಯ ತೂಕ, ಮೀಟರಿಗೆ ಇಷ್ಟು ಗ್ರಾಂ ಎಂದು. w ಸರಳಿನ ತೂಕ, ಮೀಟರಿಗೆ ಇಷ್ಟು ಕೆಜಿ ಎಂದು. s ಸರಳುಗಳ ಅಂತರ, ಮೀಟರಿನಲ್ಲಿ. ಸರಳಿನ ತೂಕ ಛೇದದಲ್ಲಿ ಕೂತಿರುವುದನ್ನು ಗಮನಿಸಬೇಕು. ವ್ಯಾಸ ಎರಡು ಪಟ್ಟಾದರೆ w ನಾಲ್ಕು ಪಟ್ಟಾಗುತ್ತದೆ, ತುಂಡಿನ ಉದ್ದ ಸ್ವಲ್ಪ ಮಾತ್ರ ಹೆಚ್ಚುತ್ತದೆ. ಆದ್ದರಿಂದ ದಪ್ಪ ಸರಳಿನ ಕೆಲಸದಲ್ಲಿ ಟನ್ನಿಗೆ ಬೇಕಾಗುವ ವೈರ್ ತೀರ ಕಡಿಮೆಯಾಗುತ್ತದೆ, ಸಣ್ಣ ಸರಳಿನ ಕೆಲಸದಲ್ಲಿ ಏರುತ್ತದೆ.

8 ಮಿ.ಮೀ. ಸರಳನ್ನು 150 ಮಿ.ಮೀ. ಅಂತರದಲ್ಲಿ ಎರಡೂ ಕಡೆ ಹಾಕಿದ ಸ್ಲ್ಯಾಬಿಗೆ ಸೂತ್ರವನ್ನು ಅನ್ವಯಿಸೋಣ. ಸರಳು ಮೀಟರಿಗೆ 0.395 ಕೆಜಿ. ಒಂದು ಟನ್ ಕಬ್ಬಿಣದಲ್ಲಿ ಸುಮಾರು 8,400 ಕೂಡುಗಳು ಬರುತ್ತವೆ. 18 ಗೇಜಿನ ಒಂದಡಿ ತುಂಡಿನಿಂದ ಎಲ್ಲವನ್ನೂ ಕಟ್ಟಿದರೆ ಟನ್ನಿಗೆ 23 ಕೆಜಿಗಿಂತ ಹೆಚ್ಚು ವೈರ್ ಬೇಕು. ಒಂದು ಬಿಟ್ಟು ಒಂದು ಕಟ್ಟಿದರೆ ಸುಮಾರು 11.6 ಕೆಜಿ. 20 ಗೇಜಿನಿಂದ ಎಲ್ಲವನ್ನೂ ಕಟ್ಟಿದರೆ 13 ಕೆಜಿ. ಇದೇ ಅಂತರದಲ್ಲಿ 16 ಮಿ.ಮೀ. ಸರಳಿನ ರ‍್ಯಾಫ್ಟ್ ಜಾಲರಿಯಾದರೆ ಟನ್ನಿಗೆ ಕೂಡುಗಳು 2,100 ಮಾತ್ರ. 18 ಗೇಜಿನ 40 ಸೆಂ.ಮೀ. ತುಂಡು ಹಾಕಿ ಎಲ್ಲವನ್ನೂ ಕಟ್ಟಿದರೂ 8 ಕೆಜಿ ದಾಟುವುದಿಲ್ಲ, ಒಂದು ಬಿಟ್ಟು ಒಂದಾದರೆ 4 ಕೆಜಿಯೊಳಗೆ ಮುಗಿಯುತ್ತದೆ. ಅದೇ ಒಂದು ಟನ್, ಅದೇ ಅಂತರ, ಆದರೆ ವೈರ್ 4 ಕೆಜಿಯಿಂದ 23 ಕೆಜಿಯವರೆಗೆ ಎಲ್ಲಿಯಾದರೂ ಇರಬಹುದು.

ಕಾಲಂನ ಸ್ವಭಾವ ಬೇರೆ. 300 × 450 ಮಿ.ಮೀ. ಕಾಲಂನಲ್ಲಿ 16 ಮಿ.ಮೀ.ನ ಎಂಟು ಸರಳು, 8 ಮಿ.ಮೀ. ರಿಂಗ್ 150 ಮಿ.ಮೀ.ಗೆ ಒಂದು ಎಂದುಕೊಂಡರೆ, ಮೀಟರ್ ಎತ್ತರಕ್ಕೆ ಸುಮಾರು 16 ಕೆಜಿ ಕಬ್ಬಿಣ, 53 ಕಟ್ಟುಗಳು. ಇಲ್ಲಿ ಒಂದು ಬಿಟ್ಟು ಒಂದು ಕಟ್ಟುವ ಸೌಲಭ್ಯ ಇಲ್ಲ. ಹಾಗೆ ಕಟ್ಟಿದರೆ ಕಾಂಕ್ರೀಟ್ ಸುರಿಯುವಾಗ ರಿಂಗ್ ಕೆಳಗೆ ಜಾರುತ್ತದೆ, ಸರಳು ವಾಲುತ್ತದೆ. ಎಲ್ಲವನ್ನೂ 35 ಸೆಂ.ಮೀ. ತುಂಡಿನಿಂದ 18 ಗೇಜಿನಲ್ಲಿ ಕಟ್ಟಿದರೆ ಟನ್ನಿಗೆ 10.7 ಕೆಜಿ ಬರುತ್ತದೆ. ಬಾಯಿಮಾತಿನ ಅಂಕಿ ನಿಜಕ್ಕೂ ಹೊಂದುವುದು ಇಂಥ ಕಡೆ.

ಸ್ಲ್ಯಾಬಿನಲ್ಲಿ ಆ ಅಂಕಿ ಹೊಂದಬೇಕಾದರೆ ಒಂದು ಮಾತನ್ನು ಮೊದಲೇ ಒಪ್ಪಿಕೊಂಡಿರಬೇಕು: ಅರ್ಧ ಕೂಡುಗಳನ್ನು ಕಟ್ಟುವುದಿಲ್ಲ, ಇಲ್ಲವೇ ತೆಳು ತಂತಿ ಬಳಸುತ್ತೇವೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದಿಷ್ಟತೆಗಳಾದರೋ 0.9ರಿಂದ 1.6 ಮಿ.ಮೀ. ದಪ್ಪದ ಹದಗೊಳಿಸಿದ ತಂತಿಯ ಎರಡು ಎಳೆಗಳಿಂದ ಪ್ರತಿಯೊಂದು ಕೂಡನ್ನೂ ಬಿಗಿಯಾಗಿ ಕಟ್ಟಬೇಕು ಎನ್ನುತ್ತವೆ. ಹಾಗಾದರೆ ನಿರ್ದಿಷ್ಟತೆಯಲ್ಲಿ ಒಂದು ಬರೆದು, ಅಂದಾಜಿನಲ್ಲಿ ಅದರ ಅರ್ಧಕ್ಕೆ ವೈರ್ ಹಿಡಿದಂತಾಯಿತು. ನಾನು ಈ ಅಂತರವನ್ನು ಸಣ್ಣದೆಂದು ಭಾವಿಸುವುದಿಲ್ಲ. ಸ್ಲ್ಯಾಬಿನ ನಡುಭಾಗದಲ್ಲಿ ಒಂದು ಬಿಟ್ಟು ಒಂದು ಕಟ್ಟಿ, ಅಂಚಿನ ಸಾಲುಗಳನ್ನು ಪೂರ್ತಿ ಕಟ್ಟುವುದು ತಪ್ಪೆಂದೂ ಹೇಳುತ್ತಿಲ್ಲ. ವೈರ್ ಗಟ್ಟಿಯಾದ ಕಾಂಕ್ರೀಟಿಗೆ ಬಲ ಕೊಡುವುದಿಲ್ಲ, ಕಾಂಕ್ರೀಟ್ ಗಟ್ಟಿಯಾಗುವವರೆಗೆ ಸರಳನ್ನು ಅದರ ಜಾಗದಲ್ಲಿ ಹಿಡಿದಿಡುತ್ತದೆ, ಅಷ್ಟೆ. ಆದರೆ ಯಾವ ಕ್ರಮದಲ್ಲಿ ಕಟ್ಟುತ್ತೇವೆ ಎಂಬುದನ್ನು ಅಂದಾಜು ಹಾಕುವವರು ತಿಳಿದು ನಿರ್ಧರಿಸಬೇಕು. ಸುರುಳಿ ಮುಗಿದದ್ದರಿಂದ ಅದು ತಾನಾಗಿ ನಿರ್ಧಾರವಾಗಬಾರದು.

30 × 40 ಅಡಿ ನಿವೇಶನದ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಸ್ಲ್ಯಾಬ್ 90 ಚದರ ಮೀಟರ್, ಮೇಲೆ ಹೇಳಿದ 8 ಮಿ.ಮೀ. ಜಾಲರಿ. ಕಬ್ಬಿಣ ಸುಮಾರು 474 ಕೆಜಿ, ಕೂಡುಗಳು ಸುಮಾರು 4,000. ಟನ್ನಿಗೆ 10 ಕೆಜಿ ಲೆಕ್ಕದಲ್ಲಿ 4.7 ಕೆಜಿ ವೈರ್ ಬರುತ್ತದೆ, 5 ಕೆಜಿ ತರಿಸುತ್ತಾರೆ. 18 ಗೇಜಿನಲ್ಲಿ ಎಲ್ಲವನ್ನೂ ಕಟ್ಟಲು ಬೇಕಾದದ್ದು 11 ಕೆಜಿ. ಬೀಮಿನ ಮೇಲಿನ ಹೆಚ್ಚುವರಿ ಸರಳು, ಲ್ಯಾಪ್‌ಗಳ ಕಟ್ಟು, ಚೇರ್‌ಗಳು, ಕೆಳಗೆ ಬಿದ್ದು ಹೋಗುವ ತುಂಡುಗಳು ಇದರ ಮೇಲೆ. 5 ಕೆಜಿಯಿಂದ ಆಗುವುದು ಸುಮಾರು 1,800 ಕಟ್ಟು, ಅಂದರೆ ಅರ್ಧಕ್ಕಿಂತಲೂ ಕಡಿಮೆ. ಮಾರನೆಯ ದಿನ ಕಾಂಕ್ರೀಟ್ ಎಂದಾಗ ಯಾರೂ ಕೆಲಸ ನಿಲ್ಲಿಸುವುದಿಲ್ಲ. ಎರಡು ಬಿಟ್ಟು ಒಂದು, ಮೂರು ಬಿಟ್ಟು ಒಂದು ಕಟ್ಟಿ ಮುಗಿಸುತ್ತಾರೆ. ಆಮೇಲೆ ಬಾಂಡ್ಲಿ ಹೊತ್ತವರು ಜಾಲರಿಯ ಮೇಲೆ ಓಡಾಡುವಾಗ ಸರಳುಗಳು ಸರಿದು ಒಂದೆಡೆ ಒತ್ತೊತ್ತಾಗುತ್ತವೆ, ಇನ್ನೊಂದೆಡೆ ಗೇಣಗಲ ಖಾಲಿ ಬಿಡುತ್ತವೆ. ಕವರ್ ಬ್ಲಾಕ್ ಜಾರುತ್ತದೆ. ಇದನ್ನು ಮುಂಚೆಯೇ ಪತ್ತೆಹಚ್ಚಲು ಸುಲಭದ ದಾರಿ ಇದೆ: ಕಾಂಕ್ರೀಟಿಗೆ ಮೊದಲು ಜಾಲರಿಯ ನಡುವೆ ಒಂದು ಸರಳನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ನೋಡುವುದು. ಅದು ಸರಿದರೆ ಕಟ್ಟು ಸಾಲದು.

ಇಷ್ಟಾದರೂ ಪಟ್ಟಿಯಲ್ಲಿ ವೈರ್ ಮರೆತುಹೋಗುವುದು ಯಾಕೆ? ಮುಖ್ಯ ಕಾರಣ ಅಳತೆಯ ಪದ್ಧತಿಯಲ್ಲೇ ಇದೆ. ಕರ್ನಾಟಕದ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಕಬ್ಬಿಣದ ಬಾಬಿನ ವಿವರಣೆಯೊಳಗೇ ನೇರ ಮಾಡುವುದು, ಕತ್ತರಿಸುವುದು, ಬಗ್ಗಿಸುವುದು, ಬೈಂಡಿಂಗ್ ವೈರಿನಿಂದ ಕಟ್ಟುವುದು ಎಲ್ಲ ಸೇರಿದೆ. ಅಳತೆ ಪುಸ್ತಕಕ್ಕೆ ಸರಳಿನ ಉದ್ದ ಮತ್ತು ತೂಕ ಮಾತ್ರ ಏರುತ್ತದೆ, ವೈರಿಗೆ ಬೇರೆ ಹಣ ಇಲ್ಲ. ಬಿಲ್ ಮಾಡುವುದಕ್ಕೆ ಈ ಪದ್ಧತಿ ಸರಿಯಾದದ್ದೇ. ಆದರೆ ಅದೇ ನಮೂನೆಯನ್ನು ನೋಡಿ ಖಾಸಗಿ ಮನೆಯ ಸಾಮಗ್ರಿ ಪಟ್ಟಿ ಮಾಡಿದಾಗ, ಬಿಲ್ಲಿನಲ್ಲಿ ಇಲ್ಲದ್ದು ಖರೀದಿಯಲ್ಲೂ ಇಲ್ಲದಂತಾಗುತ್ತದೆ. ಕೂಲಿ ಗುತ್ತಿಗೆಯಲ್ಲಿ ಸಾಮಾನು ತರುವವರು ಮನೆಯ ಯಜಮಾನರು. ಅವರ ಕೈಗೆ ಸಿಗುವ ಪಟ್ಟಿಯಲ್ಲಿ ಸಿಮೆಂಟ್, ಮರಳು, ಜಲ್ಲಿ, ಕಬ್ಬಿಣ ಇರುತ್ತವೆ. ವೈರ್ ನೆನಪಾಗುವುದು ಬಾರ್ ಬೆಂಡರ್ ಕೇಳಿದಾಗ.

ಬಾರ್ ಬೆಂಡಿಂಗ್ ಶೆಡ್ಯೂಲೂ ಇದಕ್ಕೆ ನೆರವಾಗುವುದಿಲ್ಲ. ಅದರಲ್ಲಿ ಸರಳಿನ ಆಕಾರ, ಸಂಖ್ಯೆ, ಉದ್ದ, ತೂಕ ಇರುತ್ತವೆ. ಸರಳುಗಳು ಎಲ್ಲಿ ಕೂಡುತ್ತವೆ ಎಂಬುದು ಅದರ ಯಾವ ಅಂಕಣದಲ್ಲೂ ಇಲ್ಲ. ಇನ್ನು ಕೆಲವರು ಕಬ್ಬಿಣಕ್ಕೆ 3ರಿಂದ 5 ಶೇಕಡಾ ವೇಸ್ಟೇಜ್ ಸೇರಿಸಿ, ವೈರೂ ಅದರಲ್ಲೇ ಬಂತು ಎಂದುಕೊಳ್ಳುತ್ತಾರೆ. ಇದು ಸ್ಪಷ್ಟವಾಗಿ ತಪ್ಪು. ವೇಸ್ಟೇಜ್ ಎಂದರೆ ಕತ್ತರಿಸಿ ಉಳಿದ ಸರಳಿನ ತುಂಡು. ಅದನ್ನು ವೈರಾಗಿ ಬಳಸಲು ಬರುವುದಿಲ್ಲ. ಕಬ್ಬಿಣದ ತೂಕದ ಒಂದೆರಡು ಶೇಕಡಾ ಮಾತ್ರ ಆಗುವುದರಿಂದ ಹಣದ ಲೆಕ್ಕದಲ್ಲೂ ವೈರ್ ಕಣ್ಣಿಗೆ ಬೀಳುವುದಿಲ್ಲ. ಆದರೆ 200 ಟನ್ ಕಬ್ಬಿಣದ ವಸತಿ ಸಮುಚ್ಚಯದಲ್ಲಿ ಟನ್ನಿಗೆ 5 ಕೆಜಿ ತಪ್ಪಿದರೂ ಒಂದು ಟನ್ ವೈರ್ ತಪ್ಪಿದಂತೆ.

ಈ ಸೂತ್ರಕ್ಕೆ ಮಿತಿಗಳಿವೆ. ಎರಡು ದಿಕ್ಕಿನ ವ್ಯಾಸ ಅಥವಾ ಅಂತರ ಬೇರೆಯಾದರೆ ಕೂಡುಗಳನ್ನೂ ತೂಕವನ್ನೂ ಬೇರೆ ಬೇರೆ ಎಣಿಸಬೇಕು. ಬೀಮ್, ಕಾಲಂಗಳಿಗೆ ರಿಂಗುಗಳ ಸಂಖ್ಯೆಯನ್ನು ಸರಳುಗಳ ಸಂಖ್ಯೆಯಿಂದ ಗುಣಿಸುವುದೇ ದಾರಿ. ಕಾರ್ಖಾನೆಯಲ್ಲಿ ಬೆಸೆದು ಬಂದ ಜಾಲರಿಗೆ ಹಾಳೆಗಳು ಒಂದರ ಮೇಲೊಂದು ಬರುವಲ್ಲಿ ಮಾತ್ರ ವೈರ್ ಬೇಕು.

ಅಂದಾಜು ಹಾಕುವ ಎಂಜಿನಿಯರುಗಳಲ್ಲಿ ನನ್ನದೊಂದು ಕೋರಿಕೆ. ಬಾರ್ ಬೆಂಡಿಂಗ್ ಶೆಡ್ಯೂಲಿನಲ್ಲಿ ತೂಕದ ಪಕ್ಕಕ್ಕೆ ‘ಕಟ್ಟುಗಳ ಸಂಖ್ಯೆ’ ಎಂಬ ಒಂದು ಅಂಕಣ ಸೇರಿಸಿ, ಅದರ ಕೆಳಗೆ ಗೇಜನ್ನೂ ತುಂಡಿನ ಉದ್ದವನ್ನೂ ಬರೆಯಿರಿ. ಸ್ಲ್ಯಾಬ್, ಕಾಲಂ, ಬೀಮ್, ತಳಪಾಯಗಳಿಗೆ ವೈರನ್ನು ಬೇರೆ ಬೇರೆಯಾಗಿ ಹಿಡಿಯಿರಿ. ಅದನ್ನು ಕಬ್ಬಿಣದ ಜೊತೆಗೇ, ಅದೇ ದಿನ ತರಿಸಿ.