ಕನ್ನಡದ ಒಂದು ‘ನಾವು’, ತಮಿಳಿನ ಎರಡು: ಎರಡು ಮಾತೃಭಾಷೆಗಳ ದಂಪತಿಗಳ ಮನೆಮಾತು

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಕನ್ನಡದ ಹೆಣ್ಣು ತಮಿಳು ಮನೆಗೆ ಸೊಸೆಯಾಗಿ ಹೋದರೆ ಪದಗಳು ಬೇಗನೆ ಕೈಗೆ ಹತ್ತುತ್ತವೆ. ಅಲ್ಲಿನ ಪಾಲ್, ಪೂ, ಪುಲಿ ನಮ್ಮಲ್ಲಿ ಹಾಲು, ಹೂ, ಹುಲಿ. ಅಲ್ಲಿನ ವಾ, ವೇರ್, ವೆಲ್ಲಂ ನಮ್ಮಲ್ಲಿ ಬಾ, ಬೇರು, ಬೆಲ್ಲ. ತೊಡಕು ಇರುವುದು ಗೊತ್ತಿದೆ ಎಂದುಕೊಂಡ ಸಣ್ಣ ಪದಗಳಲ್ಲಿ. ಅವುಗಳಲ್ಲಿ ಹೆಚ್ಚು ಮನಸ್ತಾಪ ತರಬಲ್ಲುದು ‘ನಾವು’.

ಕನ್ನಡದಲ್ಲಿ ‘ನಾವು’ ಎಂದರೆ ಕೇಳುವವರೂ ಸೇರಿರಬಹುದು, ಸೇರದೆಯೂ ಇರಬಹುದು. ತಮಿಳಿನಲ್ಲಿ ಇದಕ್ಕೆ ಎರಡು ಪದಗಳಿವೆ. ಕೇಳುವವರನ್ನೂ ಸೇರಿಸಿಕೊಂಡರೆ ‘ನಾಮ’, ಅವರನ್ನು ಬಿಟ್ಟರೆ ‘ನಾಂಗ’. ಅದರಂತೆಯೇ ‘ನಮ್ಮ’ ಎಂಬುದಕ್ಕೂ ಅಲ್ಲಿ ‘ನಮ್ಮ’, ‘ಎಂಗ’ ಎಂದು ಎರಡು ರೂಪಗಳು. ತೆಲುಗಿನಲ್ಲಿಯೂ ಮನಮು, ಮೇಮು ಎಂಬ ಇದೇ ಭೇದವಿದೆ. ಇಂದಿನ ಕನ್ನಡದಲ್ಲಿ ಮಾತ್ರ ಇಲ್ಲ.

ಒಂದು ಸಂದರ್ಭವನ್ನು ಊಹಿಸೋಣ. ಪೆನ್ನಾಗರಂ ಕಡೆಯ ಕನ್ನಡದ ಸೊಸೆ, ಮೆಟ್ಟೂರಿನ ತಮಿಳು ಮನೆ. ‘ನಾವು ಎಂದರೆ ನಾಂಗ’ ಎಂದು ಕಲಿತ ಆಕೆ ಅತ್ತೆಯ ಬಳಿ, “ನಾಳೈಕ್ಕಿ ನಾಂಗ ಕೋಯಿಲುಕ್ಕು ಪೋರೋಂ” ಎನ್ನುತ್ತಾಳೆ. ಎಲ್ಲರೂ ಕೂಡಿ ದೇವಸ್ಥಾನಕ್ಕೆ ಹೋಗೋಣವೆಂಬುದು ಆಕೆಯ ಮನಸ್ಸಿನಲ್ಲಿರುವುದು. ಅತ್ತೆಗೆ ಕೇಳಿಸುವುದು, ‘ನೀವು ಬಿಟ್ಟು ನಾವಿಬ್ಬರೇ’ ಎಂದು. “ನೀಂಗ ಪೋಯಿಟ್ಟು ವಾಂಗ” ಎಂದು ಆಕೆ ಒಳಗೆ ನಡೆಯುತ್ತಾರೆ. ಕರೆದಾಗಲೆಲ್ಲ ‘ನೀವು ಹೋಗಿ ಬನ್ನಿ’ ಎಂಬ ಉತ್ತರವೇ ಬಂದರೆ, ಅತ್ತೆಯ ಸ್ವಭಾವವನ್ನು ಶಂಕಿಸುವ ಮೊದಲು ತಾನು ಬಳಸಿದ ಪದವನ್ನು ಸೊಸೆ ನೋಡಿಕೊಳ್ಳಬೇಕು. ಗಂಡಿನ ಮನೆಯನ್ನು ಆ ಮನೆಯವರೆದುರಿಗೇ ‘ಎಂಗ ವೀಡು’ ಎಂದರೂ ಇದೇ ಪೆಟ್ಟು. ಅಲ್ಲಿ ‘ನಮ್ಮ ವೀಡು’ ಎನ್ನಬೇಕು. ತವರಿನ ವಿಷಯ ಬಂದಾಗ ಮಾತ್ರ ‘ಎಂಗ ಅಮ್ಮಾ ವೀಡು’ ಸರಿ.

ಈ ನಿಯಮಕ್ಕೂ ಮಿತಿಯುಂಟು. ಮನೆಗೆ ಬಂದ ನೆಂಟರಿಗೆ ಆದರದಿಂದ ‘ನಮ್ಮ ವೀಡು’ ಎನ್ನುವವರಿದ್ದಾರೆ. ಅದು ಲೆಕ್ಕದ ಮಾತಲ್ಲ, ಆತ್ಮೀಯತೆಯ ಮಾತು. ಸಂದೇಹವಿದ್ದಲ್ಲಿ ಸೇರಿಸಿಕೊಳ್ಳುವ ರೂಪವನ್ನೇ ಬಳಸುವುದು ಕ್ಷೇಮ.

ತಮಿಳು ಅಳಿಯನ ಕಷ್ಟ ಇದಕ್ಕೆ ವಿರುದ್ಧ. ಹೆಣ್ಣಿನ ಮನೆಯವರು “ನಾವು ಜಾತ್ರೆಗೆ ಹೋಗ್ತೀವಿ” ಎಂದಾಗ ತನ್ನನ್ನು ಕರೆದರೋ ಇಲ್ಲವೋ ಎಂಬುದು ಅವನಿಗೆ ತಿಳಿಯುವುದಿಲ್ಲ. ಅವನು ಸುಮ್ಮನಿದ್ದುದನ್ನು ಬಿಗುಮಾನವೆಂದು ತಿಳಿಯುವವರೇ ಹೆಚ್ಚು. ಕನ್ನಡದಲ್ಲಿ ಈ ಕೊರತೆಯನ್ನು ನಾವು ‘ನೀವೂ ಸೇರಿ ನಾವೆಲ್ಲ’, ‘ಹೋಗೋಣ’ ಎಂಬ ಮಾತುಗಳಿಂದ ತುಂಬಿಕೊಳ್ಳುತ್ತೇವೆ. ಅಳಿಯನೊಡನೆ ಮಾತನಾಡುವಾಗ ಇವನ್ನು ಬಾಯಿಬಿಟ್ಟು ಹೇಳಬೇಕು.

ಇಂತಹ ಮನೆಯ ಮಕ್ಕಳು ಎರಡೂ ಕಡೆಯ ಬಳಕೆಯನ್ನು ಕೇಳುತ್ತ ಬೆಳೆಯುತ್ತಾರೆ. 2006ರ ತಮಿಳು ಕಲಿಕೆಯ ಕಾನೂನಿನಿಂದ ಶಾಲೆಯಲ್ಲಿ ಅವರಿಗೆ ತಮಿಳು ಹೇಗೂ ದೊರೆಯುತ್ತದೆ. ‘ನಾಂಗ’ ಎನ್ನಬೇಕೋ ‘ನಾಮ’ ಎನ್ನಬೇಕೋ ಎಂದು ತಾಯಿ ಮಗುವನ್ನೇ ಕೇಳಲಿ. ಅದಕ್ಕೆ ಬದಲಾಗಿ ತಂದೆ ತನ್ನ ಕನ್ನಡದ ‘ಹೋಗೋಣ’ವನ್ನು ಅದೇ ಮಗುವಿನೊಡನೆ ಆಡಿ ರೂಢಿಸಿಕೊಳ್ಳಲಿ.