ಕುರುಡುಮಲೆಯ ವಿಡಿಯೊ, ಎರಡು ದೇಶದ ದರ

ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯಲ್ಲಿ ಹದಿಮೂರು ಅಡಿಗೂ ಮಿಕ್ಕ ಏಕಶಿಲೆಯ ಗಣಪತಿ ಇದ್ದಾನೆ. ಅಲ್ಲೇ ಇರುವ ಸೋಮೇಶ್ವರ ದೇವಾಲಯದ ಒಂದು ಭಾಗವನ್ನು ಜಕಣಾಚಾರಿ, ಇನ್ನೊಂದನ್ನು ಮಗ ಡಂಕಣಾಚಾರಿ ಕಡೆದರೆಂಬುದು ಊರಿನ ಐತಿಹ್ಯ. ಇವೆರಡನ್ನೂ ತೋರಿಸುವ ಹನ್ನೆರಡು ನಿಮಿಷದ ಕನ್ನಡ ವಿಡಿಯೊ ಒಂದು ಯೂಟ್ಯೂಬಿನಲ್ಲಿದೆ ಎಂದುಕೊಳ್ಳೋಣ. ಸಾವಿರ ವ್ಯೂಸಿಗೆ ಅದು ಎಷ್ಟು ಗಳಿಸುತ್ತದೆ? ಈ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಏಕೆ ಸಿಗುವುದಿಲ್ಲ ಎಂಬುದನ್ನು ಈ ಟಿಪ್ಪಣಿ ಪರಿಶೀಲಿಸುತ್ತದೆ. ಕೆಳಗಿನ ದರಗಳು ಲೆಕ್ಕ ತಿಳಿಸಲು ನಾನು ಇಟ್ಟುಕೊಂಡವು, ಯಾವುದೇ ಚಾನೆಲ್ಲಿನವಲ್ಲ.

ಎರಡು ಅಳತೆಗಳನ್ನು ಮೊದಲೇ ಬೇರ್ಪಡಿಸಬೇಕು. ಯೂಟ್ಯೂಬ್ ಸ್ಟುಡಿಯೊದಲ್ಲಿ Playback-based CPM ಎಂದು ಕಾಣುವುದು, ಜಾಹೀರಾತು ಬಂದ ಸಾವಿರ ವೀಕ್ಷಣೆಗಳಿಗೆ ಜಾಹೀರಾತುದಾರರು ಕೊಟ್ಟ ಹಣ. RPM ಎಂಬುದು ಜಾಹೀರಾತು ಬಂದಿರಲಿ ಬಿಡಲಿ, ಎಲ್ಲ ವೀಕ್ಷಣೆಗಳನ್ನೂ ಸೇರಿಸಿ, ಯೂಟ್ಯೂಬಿನ ಪಾಲು ಕಳೆದ ಮೇಲೆ ಸಾವಿರಕ್ಕೆ ಚಾನೆಲ್ಲಿಗೆ ಉಳಿಯುವ ಹಣ. ಭಾರತದ ಸಾವಿರ ವೀಕ್ಷಣೆಗಳಲ್ಲಿ 400ಕ್ಕೆ ಮಾತ್ರ ಜಾಹೀರಾತು ಬಂದು, ಮೊದಲ ದರ 100 ರೂಪಾಯಿ ಇದ್ದರೆ, ಒಟ್ಟು ಹುಟ್ಟುವುದು 40 ರೂಪಾಯಿ. ಅದರಲ್ಲಿ ಚಾನೆಲ್ಲಿನ ಪಾಲು ಶೇ 55, ಅಂದರೆ 22 ರೂಪಾಯಿ. ನೂರು ಎಲ್ಲಿ ಹೋಯಿತು ಎಂದು ಕೇಳುವವರು ಈ ಎರಡು ಮೆಟ್ಟಿಲುಗಳನ್ನು ಮರೆತಿರುತ್ತಾರೆ.

ಇನ್ನು ದೇಶ. ಪ್ರತಿ ವೀಕ್ಷಣೆಯ ಹೊತ್ತಿಗೂ ಆ ನೋಡುಗನ ಎದುರಿನ ಜಾಗಕ್ಕೆ ಹರಾಜು ನಡೆಯುತ್ತದೆ. ಬೆಲೆ ನಿಲ್ಲುವುದು ಅಲ್ಲಿ ಕೂಗುವ ಜಾಹೀರಾತುದಾರರು ಎಷ್ಟು ಜನ, ಒಬ್ಬ ಗಿರಾಕಿ ಸಿಕ್ಕರೆ ಅವರಿಗೆ ಎಷ್ಟು ಲಾಭ ಎಂಬುದರ ಮೇಲೆ. ಅಮೆರಿಕದಲ್ಲಿ ಕುಳಿತ ಮುಳಬಾಗಿಲಿನ ಎಂಜಿನಿಯರನಿಗೆ ಅಲ್ಲಿನ ವಿಮೆ, ಕಾರು, ಬ್ಯಾಂಕು ಕಂಪನಿಗಳು ಪೈಪೋಟಿಯಿಂದ ಕೂಗುತ್ತವೆ. ಅದೇ ವಿಡಿಯೊವನ್ನು ಊರಿನಲ್ಲಿ ನೋಡುವ ಅವನ ತಂದೆಗಾಗಿ ಅಷ್ಟು ಮಂದಿ ಕೂಗುವುದಿಲ್ಲ. ಲೆಕ್ಕಕ್ಕೆ ಬರುವುದು ನೋಡುವವನು ಇರುವ ಜಾಗ, ವಿಡಿಯೊ ಮಾಡಿದವರ ಊರಲ್ಲ. ಅವನೇ ಚೌತಿಗೆ ಊರಿಗೆ ಬಂದು ನೋಡಿದರೆ ಆ ವೀಕ್ಷಣೆ ಭಾರತದ ಖಾತೆಗೆ ಸೇರುತ್ತದೆ.

ಅಮೆರಿಕದ ಸಾವಿರ ವೀಕ್ಷಣೆಗಳಲ್ಲಿ 600ಕ್ಕೆ ಜಾಹೀರಾತು ಬಂದು, ದರ 1,000 ರೂಪಾಯಿ ಎಂದಿಟ್ಟುಕೊಂಡರೆ ಚಾನೆಲ್ಲಿಗೆ 330 ರೂಪಾಯಿ. ಮೊದಲ ವಾರ ಭಾರತದಿಂದ 9,500, ಅಮೆರಿಕದಿಂದ 500 ವೀಕ್ಷಣೆ ಬಂದವು ಎನ್ನಿ. ಗಳಿಕೆ 209 ಮತ್ತು 165, ಒಟ್ಟು 374. ಸಾವಿರಕ್ಕೆ 37 ರೂಪಾಯಿ 40 ಪೈಸೆ. ಶೇ 5ರಷ್ಟು ನೋಡುಗರು ಶೇ 44ರಷ್ಟು ಹಣ ತಂದರು. ಮುಂದೆ ವಿಡಿಯೊ ಕೋಲಾರ, ಬೆಂಗಳೂರುಗಳಲ್ಲಿ ಹಬ್ಬಿ ವೀಕ್ಷಣೆ ಒಂದು ಲಕ್ಷಕ್ಕೇರಿತು, ಅಮೆರಿಕದ್ದು ಆ 500ರಲ್ಲೇ ನಿಂತಿತು. ಗಳಿಕೆ 2,354 ರೂಪಾಯಿಗೆ ಹೆಚ್ಚಿದೆ; ಆದರೆ ಸಾವಿರದ ಲೆಕ್ಕ 23 ರೂಪಾಯಿ 54 ಪೈಸೆಗೆ ಇಳಿದಿದೆ. ಎರಡೂ ದೇಶಗಳಲ್ಲಿ ದರ ಒಂದು ಪೈಸೆಯೂ ಕದಲಿಲ್ಲ. ಯೂಟ್ಯೂಬ್ ದರ ಇಳಿಸಿತು ಎಂಬ ದೂರುಗಳಲ್ಲಿ ಇಂಥ ಬೆರಕೆಯ ಬದಲಾವಣೆ ಇದೆಯೇ ಎಂದು ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ. ಪರೀಕ್ಷೆ ಸುಲಭ: ವರದಿಯನ್ನು ದೇಶವಾರು ಒಡೆದು ನೋಡುವುದು. ಪ್ರತಿ ದೇಶದ ದರವೂ ಹಾಗೆಯೇ ಇದ್ದು ಒಟ್ಟು ಮಾತ್ರ ಇಳಿದಿದ್ದರೆ ಬದಲಾದದ್ದು ನೋಡುಗರ ಪ್ರಮಾಣ.

ಅಮೆರಿಕದ ಹಣಕ್ಕೆ ಇನ್ನೊಂದು ಕಡಿತವಿದೆ. 2021ರ ಜೂನ್‌ನಿಂದ ಅಲ್ಲಿನ ನೋಡುಗರಿಂದ ಬಂದ ಗಳಿಕೆಗೆ ತೆರಿಗೆ ಹಿಡಿಯಲಾಗುತ್ತಿದೆ. ಭಾರತದವರು ತೆರಿಗೆ ಮಾಹಿತಿ ಕೊಟ್ಟು ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ಲಾಭ ಕೋರಿದ್ದರೆ ಅದು ಶೇ 15. ಮೇಲಿನ 165ರಲ್ಲಿ ಸುಮಾರು 25 ರೂಪಾಯಿ.

ಒಂದೇ ದೇಶದೊಳಗೂ ವಿಡಿಯೊದಿಂದ ವಿಡಿಯೊಗೆ ಅಂತರವಿರುತ್ತದೆ. 2020ರ ಜುಲೈನಿಂದ ಎಂಟು ನಿಮಿಷಕ್ಕೆ ಕಡಿಮೆಯಿಲ್ಲದ ವಿಡಿಯೊಗಳ ನಡುವೆಯೂ ಜಾಹೀರಾತು ಹಾಕಬಹುದು. ಆದ್ದರಿಂದ ಸೋಮೇಶ್ವರನ ಕಂಬಗಳನ್ನು ನಿಧಾನವಾಗಿ ತೋರಿಸುವ ಹನ್ನೆರಡು ನಿಮಿಷಕ್ಕೆ ಆರು ನಿಮಿಷಕ್ಕಿಂತ ಹೆಚ್ಚು ಅವಕಾಶ. ಗಣಪತಿಯ ಮಂಗಳಾರತಿಯ ಶಾರ್ಟ್ಸ್ ತುಣುಕಿನ ಲೆಕ್ಕವೇ ಬೇರೆ: 2023ರ ಫೆಬ್ರವರಿಯಿಂದ ಶಾರ್ಟ್ಸ್ ನಡುವಿನ ಜಾಹೀರಾತಿನ ಹಣವನ್ನು ಒಟ್ಟುಗೂಡಿಸಿ ಹಂಚಲಾಗುತ್ತಿದೆ, ಚಾನೆಲ್ಲಿಗೆ ನಿಗದಿಯಾದ ಮೊತ್ತದಲ್ಲಿ ಅದಕ್ಕೆ ದಕ್ಕುವುದು ಶೇ 45. ಎರಡನ್ನೂ ಕೂಡಿಸಿ ಚಾನೆಲ್ಲಿನ ಸರಾಸರಿ ತೆಗೆದರೆ ಉದ್ದದ ವಿಡಿಯೊದ ದರ ಕಾಣದಂತಾಗುತ್ತದೆ.

ದೇವಸ್ಥಾನದ ಚಿತ್ರೀಕರಣಕ್ಕೆ ವಿಶೇಷವಾದ ತೊಡಕು ಧ್ವನಿವರ್ಧಕ. ಹಿನ್ನೆಲೆಯಲ್ಲಿ ಕ್ಯಾಸೆಟ್ ಕಂಪನಿಯೊಂದರ ಭಕ್ತಿಗೀತೆ ಒಂದು ನಿಮಿಷ ಕೇಳಿಸಿದರೂ ಯಂತ್ರ ಅದನ್ನು ಗುರುತಿಸಿ, ಇಡೀ ವಿಡಿಯೊದ ಗಳಿಕೆ ಹಾಡಿನ ಹಕ್ಕುದಾರರ ಪಾಲಾಗಬಹುದು. ವೀಕ್ಷಣೆ ಚೆನ್ನಾಗಿದ್ದು, ಅದೇ ತಿಂಗಳ ಬೇರೆ ವಿಡಿಯೊಗಳ ದರವೂ ಸರಿಯಿದ್ದು, ಇದೊಂದರ ಗಳಿಕೆ ಸೊನ್ನೆಗೆ ಇಳಿದಿದ್ದರೆ ಸ್ಟುಡಿಯೊದ ಹಕ್ಕುಸ್ವಾಮ್ಯ ಸೂಚನೆ ತೆರೆದು ನೋಡಬೇಕು. ಹಾಡಿನ ಭಾಗವನ್ನು ಕತ್ತರಿಸಿದರೆ ಅಥವಾ ಅಲ್ಲಿ ಧ್ವನಿ ಮುಚ್ಚಿದರೆ ಮುಂದಿನ ಗಳಿಕೆ ಚಾನೆಲ್ಲಿಗೆ ಮರಳುತ್ತದೆ.

ಹೋಲಿಸುವಾಗ ತಿಂಗಳನ್ನೂ ಸರಿಹೊಂದಿಸಬೇಕು. ದಸರಾ, ದೀಪಾವಳಿಗೆ ಜಾಹೀರಾತುದಾರರು ಕೈಬಿಚ್ಚಿ ಕೂಗುತ್ತಾರೆ, ಜನವರಿಯಲ್ಲಿ ಹಿಂದೆ ಸರಿಯುತ್ತಾರೆ. ಅಕ್ಟೋಬರಿನ ಗಣಪತಿಯನ್ನು ಜನವರಿಯ ಸೋಮೇಶ್ವರನ ಪಕ್ಕಕ್ಕಿಟ್ಟು ಯಾವ ವಿಷಯಕ್ಕೆ ಹೆಚ್ಚು ಬೆಲೆ ಎಂದು ತೀರ್ಮಾನಿಸಲಾಗದು; ಎರಡನ್ನೂ ಒಂದೇ ತಿಂಗಳಲ್ಲಿ, ಒಂದೇ ದೇಶದ ನೋಡುಗರಿಗೆ ಸೀಮಿತಗೊಳಿಸಿ ಅಳೆಯಬೇಕು.