ಕೆಫೆ ಫ್ರಾಂಚೈಸಿ: ಮಳಿಗೆ ಲೆಕ್ಕ ಮತ್ತು ಶುಲ್ಕ ನಿರ್ಧಾರ

ಚೆನ್ನಾಗಿ ನಡೆಯುತ್ತಿರುವ ಕೆಫೆಯೊಂದರ ಹೆಸರು, ತಿಂಡಿಯ ಪಾಕ ಮತ್ತು ನಡೆಸುವ ಕ್ರಮವನ್ನು ಶುಲ್ಕಕ್ಕೆ ಬೇರೊಬ್ಬರಿಗೆ ಬಳಸಲು ಕೊಡುವ ವ್ಯವಸ್ಥೆ ಫ್ರಾಂಚೈಸಿ. ಕೊಡುವ ಮೊದಲು ಒಂದು ಮಳಿಗೆ ತಿಂಗಳಿಗೆ ನಿಜವಾಗಿ ಎಷ್ಟು ಉಳಿಸುತ್ತದೆ, ಆ ಉಳಿಕೆಯಲ್ಲಿ ಹೆಸರಿನ ಒಡೆಯನಿಗೆ ಎಷ್ಟು ಪಾಲು ಎಂದು ಗೊತ್ತುಮಾಡಿಕೊಳ್ಳುವುದು ಈ ಲೇಖನದ ವಿಷಯ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳನ್ನು, ಅದರಲ್ಲೂ ಸೋಂದಾ ಕಡೆಯ ಕಷಾಯ, ಬನ್ಸ್, ಅವಲಕ್ಕಿಯ ಚಿಕ್ಕ ಕೆಫೆಗಳನ್ನು ಇಲ್ಲಿ ಮುಂದಿಟ್ಟುಕೊಳ್ಳಲಾಗಿದೆ. ಲೆಕ್ಕದ ಅಂಕಿಗಳು ವಿವರಣೆಗಾಗಿ ಹಾಕಿಕೊಂಡವು. ಯಾವುದೇ ನಿರ್ದಿಷ್ಟ ಅಂಗಡಿಯವಲ್ಲ.

ಹಿನ್ನೆಲೆ

ಕರ್ನಾಟಕದಲ್ಲಿ ಹೋಟೆಲು ಹಬ್ಬಿದ್ದು ಬಹುಪಾಲು ಫ್ರಾಂಚೈಸಿಯಿಂದಲ್ಲ. ಉಡುಪಿ ಹೋಟೆಲು ಊರೂರಿಗೆ ಹೋದದ್ದು ನೆಂಟರು ಮತ್ತು ಹಳೆಯ ಕೆಲಸಗಾರರ ಮೂಲಕ. ಅಡುಗೆಮನೆಯಲ್ಲಿ ನಾಲ್ಕು ವರ್ಷ ದುಡಿದವನು ಕೆಲಸ ಕಲಿತು ಬೇರೆ ಊರಿನಲ್ಲಿ ಹೋಟೆಲು ಹಾಕುತ್ತಿದ್ದ. ‘ಉಡುಪಿ’ ಎಂದು ಫಲಕ ಬರೆಸಲು ಯಾರಿಗೂ ಕಾಸು ಕೊಡಬೇಕಿರಲಿಲ್ಲ.

ಇದಕ್ಕಿಂತ ಹೆಚ್ಚು ಕಲಿಸುವುದು ದರ್ಶಿನಿಯ ಚರಿತ್ರೆ. 1983ರಲ್ಲಿ ಆರ್. ಪ್ರಭಾಕರ್ ಬೆಂಗಳೂರಿನ ಜಯನಗರದಲ್ಲಿ ಆರಂಭಿಸಿದ ಕೆಫೆ ದರ್ಶಿನಿಯನ್ನು ಈ ಮಾದರಿಯ ಮೊದಲ ಹೋಟೆಲೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ನಿಂತು ತಿನ್ನುವುದು, ಮೊದಲೇ ಟೋಕನ್ ಪಡೆಯುವುದು, ಗಿರಾಕಿಗೆ ಕಾಣುವಂತಿರುವ ಅಡುಗೆಮನೆ, ಬಡಿಸುವ ಸಪ್ಲಾಯರ್ ಇಲ್ಲದಿರುವುದು ಅದರ ಲಕ್ಷಣಗಳು. ಪ್ರತಿಯೊಂದೂ ಮಳಿಗೆ ಲೆಕ್ಕವನ್ನೇ ಬದಲಿಸಿತು. ಕುರ್ಚಿ ಇಲ್ಲದ್ದರಿಂದ ಅದೇ ಜಾಗದಲ್ಲಿ ಗಂಟೆಗೆ ಹೆಚ್ಚು ಜನ ತಿಂದು ಹೋದರು, ಸಪ್ಲಾಯರ್ ಇಲ್ಲದ್ದರಿಂದ ಸಂಬಳದ ಭಾರ ಇಳಿಯಿತು, ಮೊದಲೇ ದುಡ್ಡು ಬಂದದ್ದರಿಂದ ಬಿಲ್ ತಪ್ಪಿಸಿ ಹೋಗುವ ಮಾತೇ ಉಳಿಯಲಿಲ್ಲ. ಮಾದರಿ ಕೆಲವೇ ವರ್ಷಗಳಲ್ಲಿ ನಗರದ ತುಂಬ ಹರಡಿತು. ಆದರೆ ಅದರೊಟ್ಟಿಗೆ ‘ದರ್ಶಿನಿ’ ಎಂಬುದು ಒಬ್ಬರ ಗುರುತಾಗಿ ಉಳಿಯದೆ ಒಂದು ಬಗೆಯ ಹೋಟೆಲಿನ ಹೆಸರೇ ಆಯಿತು. ಎಲ್ಲರದ್ದೂ ಆದ ಹೆಸರಿಗೆ ಶುಲ್ಕ ಕೇಳಲು ಬರುವುದಿಲ್ಲ. ಆ ಮಾದರಿಯಿಂದ ಊರಿಗೆ ಆದ ಲಾಭ ಬಹಳ ದೊಡ್ಡದು. ಹೆಸರಿನಿಂದ ಆದಾಯ ಬಯಸುವವರು ಮಾತ್ರ ಇದನ್ನು ಮೊದಲೇ ಯೋಚಿಸಬೇಕು.

ಬೇರೆ ಎರಡು ದಾರಿಗಳನ್ನೂ ಇಲ್ಲಿ ಹೇಳಬೇಕು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಆರಂಭವಾದ ಕೆಫೆ ಕಾಫಿ ಡೇ ಮುಖ್ಯವಾಗಿ ತನ್ನದೇ ಬಂಡವಾಳದ ಮಳಿಗೆಗಳನ್ನು ತೆರೆಯುತ್ತ ಬೆಳೆಯಿತು. ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ಮಳಿಗೆಗಳಲ್ಲಿ ನಡೆಸುವವರಿಗೆ ಮಾರಿದ ಸರಕಿನ ಮೇಲೆ ಕಮಿಷನ್ ಸಿಗುತ್ತದೆ. ಹೆಸರಿನ ಒಡೆಯರ ಆದಾಯ ಸರಕಿನಲ್ಲೇ ಇದೆ. ಹಳ್ಳಿ ಕಡೆಯ ಕೆಫೆಗೆ ಈ ಎರಡನೆಯದೇ ಹತ್ತಿರದ ಮಾದರಿ ಎಂಬುದು ಈ ಲೇಖಕರ ಅಭಿಪ್ರಾಯ.

ಹೆಸರಿನ ಹಕ್ಕು

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನು ಇಲ್ಲ. 1872ರ ಕರಾರು ಕಾಯ್ದೆ ಮತ್ತು 1999ರ ಟ್ರೇಡ್‌ಮಾರ್ಕ್ ಕಾಯ್ದೆಗಳೇ ಆಧಾರ. ಹೋಟೆಲು ಸೇವೆಗೆ ಹೆಸರು ನೋಂದಾಯಿಸುವುದು 43ನೇ ವರ್ಗದಲ್ಲಿ. ಊರಿನ ಹೆಸರನ್ನಷ್ಟೇ ಇಟ್ಟುಕೊಂಡ ಫಲಕ ಇಲ್ಲಿ ದುರ್ಬಲ: ಸರಕು ಅಥವಾ ಸೇವೆ ಎಲ್ಲಿಯದು ಎಂದಷ್ಟೇ ಸೂಚಿಸುವ ಪದಕ್ಕೆ 9ನೇ ಕಲಮಿನಡಿ ನೋಂದಣಿ ನಿರಾಕರಿಸಬಹುದು. ‘ಸೋಂದಾ ಕಷಾಯ’ ಎಂಬ ಹೆಸರು ಗಿರಾಕಿಯ ಬಾಯಲ್ಲಿ ಎಷ್ಟೇ ಸುಲಭವಾಗಿ ಕೂತರೂ ಅದನ್ನು ತನ್ನದೊಂದೇ ಎಂದು ಸಾಧಿಸುವುದು ಕಷ್ಟ.

ಒಂದು ಮಳಿಗೆಯ ನಿಜವಾದ ಲೆಕ್ಕ

ಶಿರಸಿ ಪೇಟೆಯಲ್ಲಿ ದಿನಕ್ಕೆ 200 ಬಿಲ್ ಆಗುವ ಒಂದು ಕೆಫೆ ಇದೆ ಎಂದುಕೊಳ್ಳೋಣ. ತೆರಿಗೆ ಬಿಟ್ಟು ಒಂದು ಬಿಲ್ಲಿಗೆ ಸರಾಸರಿ 70 ರೂಪಾಯಿ, ತಿಂಗಳಿಗೆ 4,20,000 ರೂಪಾಯಿ ವ್ಯಾಪಾರ. ಬಿಲ್ಲೊಂದಕ್ಕೆ ಪೇಟೆಯಿಂದ ತಂದ ಸಾಮಾನು 25 ರೂಪಾಯಿ, ಗ್ಯಾಸು ಮತ್ತು ಪ್ಯಾಕಿಂಗು 4 ರೂಪಾಯಿ. ಉಳಿದ 41 ರೂಪಾಯಿಯಂತೆ ತಿಂಗಳ 6,000 ಬಿಲ್ಲಿಗೆ 2,46,000 ಆಯಿತು. ಅದರಲ್ಲಿ ಸಂಬಳ, ವಿದ್ಯುತ್ತು, ದುರಸ್ತಿಗೆ 96,000 ಕಳೆದರೆ ಒಂದೂವರೆ ಲಕ್ಷ. ಯಜಮಾನರ ವಹಿಯಲ್ಲಿ ಇರುವುದು ಈ ಒಂದೂವರೆ ಲಕ್ಷವೇ, ಮಳಿಗೆ ಕೇಳಿಕೊಂಡು ಬಂದವರಿಗೆ ಅವರು ಹೇಳುವುದೂ ಇದನ್ನೇ.

ಆದರೆ ಆ ವಹಿಯಲ್ಲಿ ಮೂರು ಖರ್ಚು ಬರೆದೇ ಇಲ್ಲ. ಬಾಳೆಹಣ್ಣು, ಮಜ್ಜಿಗೆ, ಕಾಯಿ ಮನೆಯ ತೋಟ ಮತ್ತು ಕೊಟ್ಟಿಗೆಯಿಂದ ಬರುತ್ತವೆ. ಪೇಟೆ ದರ ಹಾಕಿದರೆ ಬಿಲ್ಲಿಗೆ 3 ರೂಪಾಯಿ. ಕಟ್ಟಡ ಸ್ವಂತದ್ದು, ಅಂಥದೇ ಜಾಗಕ್ಕೆ ಬಾಡಿಗೆ 30,000. ಗಲ್ಲಾದಲ್ಲಿ ಯಜಮಾನರು, ಒಳಗೆ ಅವರ ಮನೆಯವರು. ಅವರ ಬದಲು ಇಬ್ಬರನ್ನು ಇಟ್ಟುಕೊಂಡರೆ ಸಂಬಳ 45,000. ಇವನ್ನೆಲ್ಲ ಸೇರಿಸಿದಾಗ ಬಿಲ್ಲಿಗೆ ಉಳಿಯುವುದು 38 ರೂಪಾಯಿ, ತಿಂಗಳ ಸ್ಥಿರ ಖರ್ಚು 1,71,000, ಕೊನೆಗೆ ಕೈಗೆ ಸಿಗುವುದು 57,000 ರೂಪಾಯಿ. ಯಲ್ಲಾಪುರದಲ್ಲೋ ಸಿದ್ದಾಪುರದಲ್ಲೋ ಬಾಡಿಗೆ ಕಟ್ಟಡದಲ್ಲಿ ತೆರೆಯುವ ಅಪರಿಚಿತರಿಗೆ ಅನ್ವಯಿಸುವುದು ಈ 57,000ವೇ ಹೊರತು ಒಂದೂವರೆ ಲಕ್ಷವಲ್ಲ. ಅಲ್ಲಿಯ ಯಜಮಾನ ತಾನೇ ಗಲ್ಲಾದಲ್ಲಿ ಕೂತರೆ ಒಂದು ಸಂಬಳ ಉಳಿಯುತ್ತದೆ, ನಿಜ. ಆದರೆ ಅದು ಅವನ ದುಡಿಮೆಯ ಕೂಲಿ, ಹಾಕಿದ ಬಂಡವಾಳದ ಪ್ರತಿಫಲವಲ್ಲ.

ಮಳೆಗಾಲ ಮತ್ತು ಜಾತ್ರೆ

ದಿನಕ್ಕೆ 200 ಬಿಲ್ ಎಂಬ ಸರಾಸರಿಯನ್ನೂ ಬಿಡಿಸಿ ನೋಡಬೇಕು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. 2024ರ ಮಾರ್ಚಿನಲ್ಲಿ ನಡೆದ ಜಾತ್ರೆಯ ದಿನಗಳ ವ್ಯಾಪಾರವನ್ನು ವರ್ಷದ ಲೆಕ್ಕಕ್ಕೆ ಸೇರಿಸಿದರೆ ಸರಾಸರಿ ಸುಳ್ಳಾಗುತ್ತದೆ. ಆ ದಿನಗಳನ್ನು ತೆಗೆದಿಟ್ಟೇ ಲೆಕ್ಕ ಹಾಕಬೇಕು. ಸೋಂದಾದಲ್ಲಿ ಗಿರಾಕಿಯೇ ಬೇರೆ. ವಾದಿರಾಜ ಮಠಕ್ಕೆ, ಸ್ವರ್ಣವಲ್ಲಿಗೆ, ಶಾಲ್ಮಲೆಯ ಸಹಸ್ರಲಿಂಗಕ್ಕೆ ಬಂದವರು ಒಮ್ಮೆ ಕುಡಿದು ಹೋಗುತ್ತಾರೆ. ಪೇಟೆಯ ಕೆಫೆಗೆ ನಿತ್ಯ ಬರುವ ಕಚೇರಿ ಜನ, ಅಡಿಕೆ ವ್ಯಾಪಾರಕ್ಕೆ ಬಂದವರು ಅಲ್ಲಿಲ್ಲ. ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ.

ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಲ್ಲುಗಳು 150ಕ್ಕೆ ಇಳಿಯುತ್ತವೆ ಎಂದುಕೊಂಡರೆ ಮೇಲಿನ ಮಳಿಗೆಗೆ ಆಗ ಉಳಿಯುವುದು ಸೊನ್ನೆ: 38 ರೂಪಾಯಿಯಂತೆ 4,500 ಬಿಲ್ಲಿಗೆ ಸರಿಯಾಗಿ 1,71,000. ಇದೇ ಅಸಲಿನ ಗೆರೆ. ಶುಲ್ಕ ಯಾವುದೇ ಇರಲಿ, ಆ ನಾಲ್ಕು ತಿಂಗಳಲ್ಲಿ ಅದು ಮಳಿಗೆಯವನ ಕಿಸೆಯಿಂದಲೇ ಹೋಗುತ್ತದೆ.

ಶುಲ್ಕದ ರಚನೆ

ಶುಲ್ಕ ಸಾಮಾನ್ಯವಾಗಿ ಎರಡು ಬಗೆ: ಕರಾರಿನ ದಿನ ಕೊಡುವ ಆರಂಭ ಶುಲ್ಕ ಮತ್ತು ಮಾರಾಟದ ಮೇಲೆ ತಿಂಗಳ ರಾಯಲ್ಟಿ. ರಾಯಲ್ಟಿಯನ್ನು ಲಾಭದ ಮೇಲೆ ಹಾಕಿದರೆ ಪ್ರತಿ ತಿಂಗಳೂ ಖರ್ಚಿನ ಬಗ್ಗೆ ತಕರಾರು ಹುಟ್ಟುತ್ತದೆ. ಮಾರಾಟದ ಮೇಲೆ ಹಾಕಿದರೆ ಬಿಲ್ಲಿಂಗ್ ಯಂತ್ರ ತೋರಿಸಿದ ಮೊತ್ತವೇ ಸಾಕು.

ಹೆಚ್ಚು ಜನ ಮರೆಯುವುದು ತೆರಿಗೆಯ ಒಂದು ಗಂಟನ್ನು. 2017ರ ನವೆಂಬರಿನಿಂದ ಸಾಮಾನ್ಯ ಹೋಟೆಲುಗಳು ಶೇ 5 ಜಿಎಸ್‌ಟಿ ವಸೂಲಿ ಮಾಡುತ್ತವೆ. ಪ್ರತಿಯಾಗಿ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಹಿಂಪಡೆಯುವ ಅವಕಾಶ ಅವುಗಳಿಗಿಲ್ಲ. ರಾಯಲ್ಟಿ ಮತ್ತು ಆರಂಭ ಶುಲ್ಕಕ್ಕೆ ನೋಂದಾಯಿತ ಒಡೆಯ ಹಾಕಬೇಕಾದ ಜಿಎಸ್‌ಟಿ ಶೇ 18. ಬೇರೆ ವ್ಯಾಪಾರದಲ್ಲಿ ಈ 18 ಮುಂದೆ ಹೊಂದಾಣಿಕೆಯಾಗುತ್ತದೆ, ಕೆಫೆಯಲ್ಲಿ ಅದು ಪೂರ್ತಿ ಖರ್ಚು. ಹೀಗಾಗಿ ಕರಾರಿನಲ್ಲಿ ಶೇ 5 ಎಂದು ಬರೆದ ರಾಯಲ್ಟಿ ಮಳಿಗೆಯವನಿಗೆ ಶೇ 5.9 ಆಗಿ ಬೀಳುತ್ತದೆ.

ಈಗ ಹೊಸ ಮಳಿಗೆಗೆ ಒಲೆ, ಪಾತ್ರೆ, ಒಳಾಂಗಣ, ಮುಂಗಡ ಎಲ್ಲ ಸೇರಿ 12 ಲಕ್ಷ, ಆರಂಭ ಶುಲ್ಕ 3 ಲಕ್ಷ ಮತ್ತು ಅದರ ತೆರಿಗೆ 54,000 ಎಂದಿಡೋಣ. ಒಳ್ಳೆಯ ತಿಂಗಳಲ್ಲಿ ರಾಯಲ್ಟಿ ಕಳೆದು ಉಳಿಯುವುದು ಸುಮಾರು 32,200. ಮಳೆಗಾಲದ ತಿಂಗಳಲ್ಲಿ ಸುಮಾರು 18,600 ನಷ್ಟ. ವರ್ಷಕ್ಕೆ ಕೂಡಿ ಕಳೆದರೆ 1,83,000 ಚಿಲ್ಲರೆ. ಹಾಕಿದ ಹಣ ಮರಳಲು ಎಂಟೂವರೆ ವರ್ಷ ಬೇಕು. ಕರಾರು ಐದು ವರ್ಷದ್ದಾದರೆ ಅದು ಮುಗಿಯುವಾಗಲೂ ಅವನು ನಷ್ಟದಲ್ಲೇ ಇರುತ್ತಾನೆ. ಇಂಥ ಕರಾರಿಗೆ ಸಹಿ ಹಾಕಿಸಿಕೊಳ್ಳುವುದು ನ್ಯಾಯವಲ್ಲ.

ಅದೇ ಮಳಿಗೆಗೆ ಆರಂಭ ಶುಲ್ಕ ಒಂದು ಲಕ್ಷ, ರಾಯಲ್ಟಿ ಶೇ 3, ಮಳೆಗಾಲದ ನಾಲ್ಕು ತಿಂಗಳು ಮಾಫಿ ಎಂದು ಬರೆದರೆ ವರ್ಷಕ್ಕೆ ಸುಮಾರು 3,37,000 ಉಳಿಯುತ್ತದೆ, ಹಣ ನಾಲ್ಕು ವರ್ಷದೊಳಗೆ ಮರಳುತ್ತದೆ. ಒಡೆಯನಿಗೆ ಮಾತ್ರ ಮಳಿಗೆಯೊಂದರಿಂದ ವರ್ಷಕ್ಕೆ ಒಂದು ಲಕ್ಷವಷ್ಟೇ ರಾಯಲ್ಟಿ. ಮಳಿಗೆಗಳನ್ನು ತಿರುಗಿ ನೋಡುವ ಮೇಲ್ವಿಚಾರಕನಿಗೆ ತಿಂಗಳಿಗೆ 30,000 ಕೊಟ್ಟರೆ ಆ ಸಂಬಳ ಹುಟ್ಟಲಿಕ್ಕೇ ನಾಲ್ಕು ಮಳಿಗೆ ಬೇಕು. ಅವನ ಓಡಾಟದ ಖರ್ಚು ಬೇರೆ. ಈ ಕಾರಣಕ್ಕೆ ಕಷಾಯದ ಪುಡಿಯಂಥ ಒಂದೆರಡು ಮೂಲ ಸಾಮಾನನ್ನು ಒಡೆಯನೇ ತಯಾರಿಸಿ ಒದಗಿಸುವುದು ಒಳ್ಳೆಯದು. ರುಚಿ ಎಲ್ಲ ಕಡೆ ಒಂದೇ ಇರುತ್ತದೆ, ಆದಾಯವೂ ಬರುತ್ತದೆ, ಮಸಾಲೆ ಸಾಮಾನಿನ ಮೇಲಿನ ಜಿಎಸ್‌ಟಿ ಶೇ 5 ಮಾತ್ರ. ದರವನ್ನು ಕರಾರಿನಲ್ಲೇ ಕಟ್ಟಿಹಾಕಬೇಕು. ಇಲ್ಲವಾದರೆ ಮಳಿಗೆಯವನು ಪೇಟೆಯ ಪುಡಿ ಬೆರೆಸುತ್ತಾನೆ.

ಸೋರಿಕೆ ಗುರುತಿಸುವುದು

ಕಷಾಯದ ಲೋಟಕ್ಕೆ 100 ಮಿಲಿ ಹಾಲು ಎಂದು ಗೊತ್ತುಮಾಡಿದ್ದರೆ 150 ಲೋಟಕ್ಕೆ 15 ಲೀಟರ್ ಸಾಕು. ಹಾಲಿನ ಚೀಟಿಯಲ್ಲಿ 18 ಲೀಟರ್ ಇದ್ದರೆ ಒಂದೊಂದು ಲೋಟಕ್ಕೆ 20 ಮಿಲಿ ಹೆಚ್ಚು ಬಿದ್ದಿದೆ, ಇಲ್ಲವೇ 30 ಲೋಟ ಬಿಲ್ ಇಲ್ಲದೆ ಹೋಗಿದೆ. ಮೊದಲನೆಯದಾದರೆ, ಲೀಟರಿಗೆ 50 ರೂಪಾಯಿಯಂತೆ, ತಿಂಗಳಿಗೆ 4,500 ರೂಪಾಯಿ ನಷ್ಟ ಮಳಿಗೆಯವನದ್ದು. ಎರಡನೆಯದಾದರೆ ರಾಯಲ್ಟಿ ತಪ್ಪಿಸಲಾಗುತ್ತಿದೆ. ಒಂದು ಬೆಳಿಗ್ಗೆ ಅಳತೆ ಲೋಟ ಹಿಡಿದು ಒಲೆಯ ಪಕ್ಕ ನಿಂತರೆ ಯಾವುದೆಂದು ತಿಳಿಯುತ್ತದೆ.

ಕರಾರಿನ ಮಿತಿ

ಕರಾರು ಮುಗಿದ ಮೇಲೆ ಅದೇ ಬೀದಿಯಲ್ಲಿ ಬೇರೆ ಹೆಸರಿನ ಕೆಫೆ ನಡೆಸಬಾರದು ಎಂಬ ಷರತ್ತು ಕರಾರು ಕಾಯ್ದೆಯ 27ನೇ ಕಲಮಿನೆದುರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕರಾರು ಜಾರಿಯಲ್ಲಿರುವಾಗ ಪ್ರತಿಸ್ಪರ್ಧಿಯ ವ್ಯವಹಾರ ಮಾಡಬಾರದೆಂಬ ಷರತ್ತನ್ನು ಸುಪ್ರೀಂ ಕೋರ್ಟು ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಪ್ರಕರಣದಲ್ಲಿ (1995) ಒಪ್ಪಿದೆ. ಪಾಕ ಕಲಿತವನು ಐದು ವರ್ಷದ ನಂತರ ತನ್ನದೇ ಹೆಸರು ಬರೆಸಿಕೊಳ್ಳಬಲ್ಲ ಎಂಬುದನ್ನು ಶುಲ್ಕ ನಿರ್ಧರಿಸುವಾಗಲೇ ಎಣಿಸಬೇಕು.

ಪೂರ್ವ ಪರೀಕ್ಷೆ

ಕಾಗದದ ಮೇಲಿನ ಯಾವ ಲೆಕ್ಕವೂ ಎರಡನೆಯ ಮಳಿಗೆಗೆ ಸಮವಲ್ಲ. ಒಡೆಯನು ತನ್ನದೇ ಹಣದಲ್ಲಿ, ಬಾಡಿಗೆ ಕಟ್ಟಡದಲ್ಲಿ, ಸಂಬಳದ ಜನರನ್ನಿಟ್ಟು ಬೇರೆ ತಾಲೂಕಿನಲ್ಲಿ ಒಂದು ಮಳಿಗೆ ತೆರೆದು, ತಾನು ವಾರಕ್ಕೊಮ್ಮೆ ಮಾತ್ರ ಹೋಗಿ ಬರುತ್ತ, ಒಂದು ಪೂರ್ಣ ಮಳೆಗಾಲ ದಾಟಿಸಬೇಕು. ಆ ಮಳಿಗೆ ಆಗಸ್ಟಿನಲ್ಲಿ ಅಸಲಿನ ಗೆರೆಗಿಂತ ಕೆಳಗೆ ಬಿದ್ದರೆ ಫ್ರಾಂಚೈಸಿ ಕೊಡುವ ಕಾಲ ಇನ್ನೂ ಬಂದಿಲ್ಲ.